ಬೆಕ್ಕಿನ ಬಾಯಿ ಸುಟ್ಟ ಜಾಣ

ಇಲಿಗಳ ಕಾಟ ತಡೆಯಲಾರದೆ ಕೃಷ್ಣದೇವರಾಯ ಮನೆಗೊಂದು ಬೆಕ್ಕು, ಅದರ ಹಾಲಿಗೆಂದು ಒಂದು ಹಸು ಕೊಟ್ಟನಂತೆ. ತೆನಾಲಿ ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲನ್ನು ಬೆಕ್ಕಿನ ಮುಂದಿಟ್ಟ. ಬಾಯಿ ಸುಟ್ಟುಕೊಂಡ ಬೆಕ್ಕು ಮತ್ತೆ ಹಾಲಿನ ಹತ್ತಿರ ಸುಳಿಯಲಿಲ್ಲ. ಹಾಲೆಲ್ಲ ಮನೆಯವರ ಪಾಲಾಯಿತು. ಬಡಕಲು ಬೆಕ್ಕನ್ನು ಕಂಡು ರಾಯ ಸಿಟ್ಟಾದರೆ, "ಇದು ಹಾಲು ಕುಡಿಯುವುದಿಲ್ಲ, ಮಹಾಪ್ರಭು" ಎಂದ. ಸಭೆಯಲ್ಲೇ ಬಟ್ಟಲಿಟ್ಟು ನೋಡಿದರು. ಬೆಕ್ಕು ಓಟ ಕಿತ್ತಿತು.

ಜಾನಪದದ ಚತುರ ಅಪ್ಪಣೆಯನ್ನು ಮೀರುವುದಿಲ್ಲ, ಅದರ ಸಂದಿಯಲ್ಲಿ ನುಸುಳುತ್ತಾನೆ. ಇಲ್ಲಿ ಅವನು ಸುಳ್ಳನ್ನೂ ಹೇಳಿಲ್ಲ! ಬೆಕ್ಕಿಗೆಂದು ಹಸು ಹಂಚುವ ದೊರೆ ಪೆಚ್ಚಾದಾಗ ಕೇಳುವವರಿಗೆ ಖುಷಿಯೋ ಖುಷಿ. ಆದರೆ ಸುಟ್ಟದ್ದು ದೊರೆಯ ನಾಲಿಗೆಯಲ್ಲ, ಏನೂ ಅರಿಯದ ಪ್ರಾಣಿಯದು. ಮುಂದಿನ ಸಲ ಆ ಜಾಗದಲ್ಲಿ ಯಾರಿರುತ್ತಾರೋ ಹೇಳಲಾಗದು. ಭಯ ಹುಟ್ಟುವುದು ಅಲ್ಲೇ.