ದರೋಡೆ ಮತ್ತು ವಂಚನೆ ಚಲನಚಿತ್ರಗಳು

ದರೋಡೆ ಚಲನಚಿತ್ರ ಎಂಬುದು ಒಂದು ತಂಡವು ಯೋಜನೆ ಹಾಕಿ ಬೆಲೆಬಾಳುವ ವಸ್ತುವನ್ನು ಅಥವಾ ಹಣವನ್ನು ಕದಿಯುವ ಕಥೆಯನ್ನು ಹೇಳುವ ಅಪರಾಧ ಚಿತ್ರಗಳ ಒಂದು ಪ್ರಕಾರ. ವಂಚನೆ ಚಲನಚಿತ್ರ ಇದರ ಹತ್ತಿರದ ಬಂಧು. ದರೋಡೆಯಲ್ಲಿ ಬೀಗವನ್ನು ಒಡೆಯಬೇಕಾಗುತ್ತದೆ. ವಂಚನೆಯಲ್ಲಿ ಬಲಿಪಶುವೇ ದುರಾಸೆಯಿಂದ ತನ್ನ ಹಣವನ್ನು ತಂದು ಕೊಡುತ್ತಾನೆ.

ಯೋಜನೆ ಮತ್ತು ಪ್ರೇಕ್ಷಕ

ಈ ಚಿತ್ರಗಳಲ್ಲಿ ಬರೆಯದ ನಿಯಮವೊಂದು ಸಾಮಾನ್ಯವಾಗಿ ಪಾಲನೆಯಾಗುತ್ತದೆ. ಯೋಜನೆಯನ್ನು ಮೊದಲೇ ಪೂರ್ತಿಯಾಗಿ ವಿವರಿಸಿದರೆ ಅದು ಎಲ್ಲೋ ಒಂದು ಕಡೆ ಕೆಡುತ್ತದೆ, ಮುಚ್ಚಿಟ್ಟರೆ ಯಶಸ್ವಿಯಾಗುತ್ತದೆ. ಜೂಲ್ಸ್ ಡಾಸಿನ್ ನಿರ್ದೇಶಿಸಿದ ಫ್ರೆಂಚ್ ಚಿತ್ರ ‘ರಿಫಿಫಿ’ (1955) ಮೊದಲನೆಯ ಬಗೆಯದು. ಪ್ಯಾರಿಸ್‌ನ ಒಡವೆ ಅಂಗಡಿಯೊಂದರ ಕಳವು ಅದರಲ್ಲಿ ಸುಮಾರು 30 ನಿಮಿಷ ನಡೆಯುತ್ತದೆ. ಆ ಭಾಗದಲ್ಲಿ ಸಂಭಾಷಣೆಯೂ ಇಲ್ಲ, ಹಿನ್ನೆಲೆ ಸಂಗೀತವೂ ಇಲ್ಲ. ಮೇಲಿನ ಮನೆಯ ನೆಲ ಕೊರೆಯುವಾಗ ಉದುರುವ ಗಾರೆ ಸದ್ದು ಮಾಡದಂತೆ ರಂಧ್ರದಿಂದ ಛತ್ರಿಯೊಂದನ್ನು ಇಳಿಬಿಟ್ಟು ಬಿಚ್ಚಲಾಗುತ್ತದೆ; ಎಚ್ಚರಿಕೆ ಗಂಟೆಯೊಳಗೆ ಬೆಂಕಿ ಆರಿಸುವ ನೊರೆಯನ್ನು ತುಂಬಲಾಗುತ್ತದೆ. ಗಂಟೆಯನ್ನು ಅಡಗಿಸುವ ಪ್ರಯೋಗವನ್ನು ಮೊದಲೇ ಕಂಡಿರುವುದರಿಂದ ಪ್ರೇಕ್ಷಕನಿಗೆ ಪ್ರತಿ ಹೆಜ್ಜೆಯ ಅಪಾಯ ಗೊತ್ತಿರುತ್ತದೆ. ಕಳವು ಸಾಂಗವಾಗಿ ಮುಗಿದರೂ ಕದ್ದ ಉಂಗುರವೊಂದನ್ನು ತಂಡದವನೊಬ್ಬ ಗಾಯಕಿಗೆ ಉಡುಗೊರೆಯಾಗಿ ಕೊಡುವುದರಿಂದ ಎಲ್ಲವೂ ಕುಸಿಯುತ್ತದೆ.

ಎರಡನೆಯ ಬಗೆಗೆ ಹೆಚ್ಚಿನ ಜಾಣ್ಮೆ ಬೇಕು. ಪ್ರೇಕ್ಷಕನಿಂದ ಏನನ್ನೋ ಮರೆಮಾಚಿ ಕೊನೆಯಲ್ಲಿ ಬೆಚ್ಚಿಬೀಳಿಸುವುದು ಸುಲಭ. ಆ ತಿರುವು ಕಥೆಗೆ ಅನಿವಾರ್ಯವಾಗಿತ್ತು ಎಂದು ತೋರಿಸುವುದು ಕಷ್ಟ.

ಉದಾಹರಣೆ: ‘ದಿ ಸ್ಟಿಂಗ್’

(ಈ ಭಾಗದಲ್ಲಿ ಚಿತ್ರದ ಅಂತ್ಯದ ವಿವರಗಳಿವೆ.)

ಜಾರ್ಜ್ ರಾಯ್ ಹಿಲ್ ನಿರ್ದೇಶನದ ‘ದಿ ಸ್ಟಿಂಗ್’ (1973) ಅತ್ಯುತ್ತಮ ಚಿತ್ರ ಸೇರಿ 7 ಆಸ್ಕರ್ ಪ್ರಶಸ್ತಿಗಳನ್ನು ಪಡೆಯಿತು. ಕಥೆ 1936ರಲ್ಲಿ ನಡೆಯುತ್ತದೆ. ಲೊನೆಗನ್ (ರಾಬರ್ಟ್ ಶಾ) ಎಂಬ ಅಪರಾಧ ಜಗತ್ತಿನ ಧನಿಕ ತನ್ನ ಹಿರಿಯ ಜೊತೆಗಾರನನ್ನು ಕೊಲ್ಲಿಸಿದ್ದಕ್ಕಾಗಿ ಹುಕರ್ (ರಾಬರ್ಟ್ ರೆಡ್‌ಫರ್ಡ್) ಎಂಬ ಸಣ್ಣ ವಂಚಕ, ಪಳಗಿದ ಗೊಂಡಾರ್ಫ್‌ನ (ಪಾಲ್ ನ್ಯೂಮನ್) ನೆರವಿನಿಂದ ಸೇಡು ತೀರಿಸಿಕೊಳ್ಳಲು ಹೊರಡುತ್ತಾನೆ. ಇಲ್ಲಿಯೇ ಒಂದು ಕಠಿಣ ಷರತ್ತು ಹುಟ್ಟುತ್ತದೆ: ತಾನು ಮೋಸ ಹೋದೆನೆಂದು ಲೊನೆಗನ್‌ಗೆ ಎಂದೂ ತಿಳಿಯಬಾರದು. ತಿಳಿದರೆ ಅವನು ಇವರನ್ನೂ ಕೊಲ್ಲಿಸುತ್ತಾನೆ.

ತಂಡವು ಷಿಕಾಗೋದಲ್ಲಿ ಕುದುರೆ ಜೂಜಿನ ನಕಲಿ ಅಡ್ಡೆಯೊಂದನ್ನು ಕಟ್ಟುತ್ತದೆ. ತಂತಿ ಕಚೇರಿಯಲ್ಲಿರುವ ತಮ್ಮವನೊಬ್ಬ ಫಲಿತಾಂಶವನ್ನು ತಡೆಹಿಡಿದು ಮೊದಲೇ ತಿಳಿಸುತ್ತಾನೆಂದು ಲೊನೆಗನ್‌ನನ್ನು ನಂಬಿಸಲಾಗುತ್ತದೆ. ಮೊದಲು ಅವನನ್ನು ಗೆಲ್ಲಿಸುತ್ತಾರೆ. ಮುಂದಿನ ಸಲ ಸಾಲಿನಲ್ಲಿ ಸಿಲುಕಿಸಿ, ಪಣ ಕಟ್ಟುವ ಮೊದಲೇ ಪಂದ್ಯ ಆರಂಭವಾಗುವಂತೆ ಮಾಡುತ್ತಾರೆ. ಕೈತಪ್ಪಿದ ಲಾಭವು ಕೈಗೆ ಬಂದ ಲಾಭಕ್ಕಿಂತ ಹೆಚ್ಚು ಆಸೆ ಹುಟ್ಟಿಸುತ್ತದೆ ಎಂಬ ಲೆಕ್ಕ ಇಲ್ಲಿದೆ. ಕೊನೆಗೆ ಅವನು ಒಂದು ಕುದುರೆ ಗೆಲ್ಲುತ್ತದೆಂದು 5 ಲಕ್ಷ ಡಾಲರ್ ಕಟ್ಟುತ್ತಾನೆ. ಆದರೆ ಸುದ್ದಿಯಲ್ಲಿದ್ದ ‘ಪ್ಲೇಸ್’ ಎಂಬ ಪದಕ್ಕೆ ಪಣ ಇಡು ಎಂಬ ಅರ್ಥವಿರುವಂತೆ ಜೂಜಿನ ಭಾಷೆಯಲ್ಲಿ ಎರಡನೆಯ ಸ್ಥಾನ ಎಂಬ ಅರ್ಥವೂ ಇದೆ. ಅವನು ಹಣ ಹಿಂದಿರುಗಿಸಿರೆಂದು ಕೂಗಾಡುವಷ್ಟರಲ್ಲಿ ಎಫ್‌ಬಿಐ ದಾಳಿಯಾಗುತ್ತದೆ. ಗೊಂಡಾರ್ಫ್ ದ್ರೋಹಿ ಹುಕರ್‌ನಿಗೆ ಗುಂಡಿಕ್ಕುತ್ತಾನೆ, ಎಫ್‌ಬಿಐ ಅಧಿಕಾರಿ ಪೋಲ್ಕ್ ಗೊಂಡಾರ್ಫ್‌ನಿಗೆ ಗುಂಡಿಕ್ಕುತ್ತಾನೆ. ಹುಕರ್‌ನ ಬೆನ್ನು ಬಿದ್ದಿದ್ದ ಭ್ರಷ್ಟ ಪೊಲೀಸ್ ಸ್ನೈಡರ್, ಹೆಣಗಳ ನಡುವಿನಿಂದ ಲೊನೆಗನ್‌ನನ್ನು ಹೊರಗೆ ಎಳೆದೊಯ್ಯುತ್ತಾನೆ. ಆಮೇಲೆ ಸತ್ತವರಿಬ್ಬರೂ ಎದ್ದು ನಿಲ್ಲುತ್ತಾರೆ. ಪೋಲ್ಕ್ ಕೂಡ ತಂಡದವನೇ.

ಈ ತಿರುವು ಬರಿಯ ಅಲಂಕಾರವಲ್ಲ. ಮೊದಲಿನ ಷರತ್ತು ಇದರಿಂದಲೇ ಈಡೇರುತ್ತದೆ: ಹಣ ಹೋದದ್ದು ದಾಳಿಯ ಗದ್ದಲದಲ್ಲಿ ಎಂದು ಲೊನೆಗನ್ ನಂಬುತ್ತಾನೆ, ಸೇಡಿಗೆ ಯಾರೂ ಉಳಿದಿಲ್ಲವೆಂದೂ ನಂಬುತ್ತಾನೆ. ಸ್ನೈಡರ್‌ನ ಕಾಟವೂ ತೀರುತ್ತದೆ. ಪೋಲ್ಕ್ ಮೊದಲು ಕಾಣಿಸಿಕೊಂಡದ್ದು ಸ್ನೈಡರ್‌ನ ಎದುರಿಗೆ, ಅಂದರೆ ಆ ನಾಟಕಕ್ಕೆ ಚಿತ್ರದೊಳಗೇ ಒಬ್ಬ ಪ್ರೇಕ್ಷಕನಿದ್ದ. ಎರಡನೆಯ ಸಲ ನೋಡಿದಾಗ ಅದೇ ದೃಶ್ಯಕ್ಕೆ ಬೇರೆ ಅರ್ಥ ಬರುತ್ತದೆ. ದುರ್ಬಲ ಚಿತ್ರಗಳಲ್ಲಿ ಹೀಗಾಗುವುದಿಲ್ಲ. ಅಲ್ಲಿ ಯಾರನ್ನೂ ವಂಚಿಸಬೇಕಾಗಿಲ್ಲದ ಏಕಾಂತದಲ್ಲಿಯೂ ಪಾತ್ರಗಳು ನಟಿಸುತ್ತಿರುತ್ತವೆ. ಆ ನಟನೆ ಕೇವಲ ಚಿತ್ರಮಂದಿರದಲ್ಲಿ ಕುಳಿತವರಿಗಾಗಿ.

ಮೊದಲ ಚಿತ್ರದ ಆಯ್ಕೆ

ಹೊಸಬರಿಗೆ ‘ದಿ ಸ್ಟಿಂಗ್’ ಅನುಕೂಲಕರ. ಅದರ ಕಥೆ ಅಧ್ಯಾಯಗಳಾಗಿ ಒಡೆದಿದ್ದು, ಪ್ರತಿಯೊಂದಕ್ಕೂ ಶೀರ್ಷಿಕೆಯ ಫಲಕವಿದೆ. ವಂಚನೆ ಯಾವ ಹಂತದಲ್ಲಿದೆ ಎಂಬುದು ತಪ್ಪುವುದಿಲ್ಲ. ರೈಲಿನಲ್ಲಿ ನಡೆಯುವ ಇಸ್ಪೀಟಿನ ದೃಶ್ಯಕ್ಕೆ ಪೋಕರ್ ಆಟದ ಜ್ಞಾನ ಬೇಕಿಲ್ಲ. ಲೊನೆಗನ್ ಮೋಸ ಮಾಡುತ್ತಿದ್ದಾನೆ, ಗೊಂಡಾರ್ಫ್ ಅವನಿಗಿಂತ ದೊಡ್ಡ ಮೋಸ ಮಾಡುತ್ತಾನೆ ಎಂದು ತಿಳಿದರೆ ಸಾಕು. ಇಂಗ್ಲಿಷ್ ಸಂಭಾಷಣೆ ಕಷ್ಟವೆನಿಸುವವರಿಗೆ ಹಿಂದಿಯ ‘ಸ್ಪೆಷಲ್ 26’ (2013, ನಿರ್ದೇಶನ ನೀರಜ್ ಪಾಂಡೆ) ಒಳ್ಳೆಯ ಆರಂಭ. 1987ರಲ್ಲಿ ಮುಂಬಯಿಯ ಒಡವೆ ಅಂಗಡಿಯೊಂದರಲ್ಲಿ ಸಿಬಿಐ ಸೋಗಿನಲ್ಲಿ ನಡೆದ ಕಳವು ಅದಕ್ಕೆ ಪ್ರೇರಣೆ. ಅದನ್ನು ನೋಡುವ ಮುನ್ನ ಕಥಾಸಾರಾಂಶ ಓದದಿರುವುದು ಲೇಸು.

ಕಾಲವನ್ನು ಹಿಂದುಮುಂದಾಗಿಸಿ ಹೇಳುವ ಸ್ಟ್ಯಾನ್ಲಿ ಕುಬ್ರಿಕ್‌ನ ‘ದಿ ಕಿಲ್ಲಿಂಗ್’ (1956) ಶ್ರೇಷ್ಠ ಚಿತ್ರವೇ ಆದರೂ ಎರಡನೆಯ ಅಥವಾ ಮೂರನೆಯ ಚಿತ್ರವಾಗಿ ನೋಡಲು ಹೆಚ್ಚು ತಕ್ಕುದು.