ಹಣ ಸರಿ, ತೆರಿಗೆ ತಪ್ಪು: ಪೈಸೆಯ ಲೆಕ್ಕ ಎಲ್ಲಿ ಜಾರುತ್ತದೆ?

ಹುಬ್ಬಳ್ಳಿಯ ಒಂದು ಎಲೆಕ್ಟ್ರಿಕಲ್ ಸಾಮಾನಿನ ಸಗಟು ಅಂಗಡಿ ಎಂದಿಟ್ಟುಕೊಳ್ಳಿ. ಕೌಂಟರಿನಲ್ಲಿ ಬಿಲ್ಲು ಹಾಕಲು ಒಂದು ಸಾಫ್ಟ್‌ವೇರ್, ಒಳಕೋಣೆಯಲ್ಲಿ ಲೆಕ್ಕಪತ್ರಕ್ಕೆ ಇನ್ನೊಂದು. ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಮೊದಲನೆಯದರ ಬಿಲ್ಲುಗಳು ಎರಡನೆಯದಕ್ಕೆ ಹೋಗಿ ಸೇರುತ್ತವೆ. ತಿಂಗಳ ಕೊನೆಗೆ ಅಕೌಂಟೆಂಟ್ ತಾಳೆ ನೋಡಿದರೆ ಬಂದ ಹಣ ರೂಪಾಯಿಗೆ ರೂಪಾಯಿ ಹೊಂದುತ್ತದೆ, ತೆರಿಗೆ ಮಾತ್ರ ಹೊಂದುವುದಿಲ್ಲ. ಒಂದು ಬಿಲ್ಲಿನಲ್ಲಿ ನಾಲ್ಕು ಪೈಸೆ, ಇನ್ನೊಂದರಲ್ಲಿ ಎರಡು, ಮತ್ತೊಂದರಲ್ಲಿ ಏನೂ ಇಲ್ಲ. ಯಾರೂ ಕದ್ದಿಲ್ಲ, ಯಾರೂ ತಪ್ಪು ಟೈಪ್ ಮಾಡಿಲ್ಲ.

ಅಂಥ ಒಂದು ಬಿಲ್ಲನ್ನು ಬಿಡಿಸಿ ನೋಡೋಣ. ನಾಲ್ಕು ಸಾಮಾನು, ರಿಯಾಯಿತಿ ಕಳೆದ ಮೇಲೆ ಬೆಲೆ ಕ್ರಮವಾಗಿ ರೂ. 127.60, 86.16, 243.27 ಮತ್ತು 65.49. ಎಲ್ಲಕ್ಕೂ ಶೇ. 18 ಜಿಎಸ್‌ಟಿ, ಅಂದರೆ ರಾಜ್ಯದೊಳಗಿನ ಮಾರಾಟಕ್ಕೆ ಸಿಜಿಎಸ್‌ಟಿ ಶೇ. 9, ಎಸ್‌ಜಿಎಸ್‌ಟಿ ಶೇ. 9. ಕೌಂಟರಿನ ಸಾಫ್ಟ್‌ವೇರ್ ಸಾಲು ಸಾಲಿಗೂ ತೆರಿಗೆ ಹಾಕಿ ಅಲ್ಲಲ್ಲೇ ಪೈಸೆಗೆ ಸರಿಮಾಡುತ್ತದೆ. 11.484 ಎಂದು ಬಂದದ್ದು 11.48 ಆಗುತ್ತದೆ, 7.7544 ಹೋಗಿ 7.75, 21.8943 ಹೋಗಿ 21.89, 5.8941 ಹೋಗಿ 5.89. ಕೂಡಿದರೆ ಸಿಜಿಎಸ್‌ಟಿ 47.01. ಎಸ್‌ಜಿಎಸ್‌ಟಿಯೂ ಅಷ್ಟೇ. ಒಟ್ಟು ತೆರಿಗೆ 94.02.

ಒಳಕೋಣೆಯ ಸಾಫ್ಟ್‌ವೇರ್ ಹಾಗೆ ಮಾಡುವುದಿಲ್ಲ. ಅದು ನಾಲ್ಕೂ ಬೆಲೆಗಳನ್ನು ಮೊದಲು ಕೂಡಿ 522.52 ಮಾಡಿಕೊಂಡು, ಅದರ ಮೇಲೆ ಶೇ. 9 ಹಾಕುತ್ತದೆ. 47.0268 ಬರುತ್ತದೆ, ಅದು 47.03 ಆಗುತ್ತದೆ. ಒಟ್ಟು ತೆರಿಗೆ 94.06. ಶೇ. 18 ಅನ್ನು ಒಂದೇ ಸಲಕ್ಕೆ ಹಾಕಿ ಆಮೇಲೆ ಅರ್ಧ ಮಾಡುವ ಮೂರನೆಯ ಪದ್ಧತಿಯೂ ಚಾಲ್ತಿಯಲ್ಲಿದೆ. ಅದರಲ್ಲಿ 94.05 ಬರುತ್ತದೆ. ಕೇಂದ್ರಕ್ಕೂ ರಾಜ್ಯಕ್ಕೂ ಸಮಪಾಲು ಕೊಡಬೇಕಾದಲ್ಲಿ ಅದನ್ನು ಪೈಸೆಯಲ್ಲಿ ಎರಡು ಭಾಗ ಮಾಡಲು ಬರುವುದೇ ಇಲ್ಲ. ಒಂದೇ ಬಿಲ್ಲು, ಒಂದೇ ದರ, ಮೂರು ಉತ್ತರ. ಮೂರರಲ್ಲೂ ಗಣಿತದ ತಪ್ಪಿಲ್ಲ.

ಹಾಗಾದರೆ ಹಣ ಹೇಗೆ ಹೊಂದಿತು? ಮೊದಲ ಲೆಕ್ಕದಲ್ಲಿ ಬಿಲ್ಲಿನ ಮೊತ್ತ 616.54, ಎರಡನೆಯದರಲ್ಲಿ 616.58. ಎರಡೂ ಕೊನೆಯಲ್ಲಿ ರೌಂಡ್ ಆಫ್ ಆಗಿ 617ಕ್ಕೆ ಬಂದು ನಿಲ್ಲುತ್ತವೆ. 25 ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೇ ನಿಂತುಹೋಗಿದೆ. ಆದ್ದರಿಂದ ಕೌಂಟರಿನಲ್ಲಿ ನಾಲ್ಕು ಪೈಸೆಗೆ ಅಸ್ತಿತ್ವವೇ ಇಲ್ಲ. ಅದು ಬದುಕಿರುವುದು ಲೆಡ್ಜರಿನಲ್ಲಿ ಮಾತ್ರ. ರೌಂಡ್ ಆಫ್ ಖಾತೆಯಲ್ಲಿ ಒಂದು ಕಡೆ 46 ಪೈಸೆ, ಇನ್ನೊಂದು ಕಡೆ 42 ಪೈಸೆ ಎಂದು ಬಿದ್ದು, ತೆರಿಗೆಯ ವ್ಯತ್ಯಾಸವನ್ನು ಆ ಖಾತೆ ನುಂಗಿಬಿಡುತ್ತದೆ. ಗಿರಾಕಿಗೆ ಗೊತ್ತಾಗುವುದಿಲ್ಲ, ಕ್ಯಾಷಿಯರಿಗೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ತೆರಿಗೆ ರಿಟರ್ನ್ ತುಂಬುವವರಿಗೆ.

ಈ ಬಗೆಯ ವ್ಯತ್ಯಾಸಕ್ಕೆ ಒಂದು ಮಿತಿಯಿದೆ, ಅದನ್ನು ತಿಳಿದಿದ್ದರೆ ಅರ್ಧ ಕೆಲಸ ಮುಗಿದಂತೆ. ಒಂದು ಸಾಲನ್ನು ಪೈಸೆಗೆ ಸರಿಮಾಡಿದಾಗ ಆಗುವ ಏರುಪೇರು ಹೆಚ್ಚೆಂದರೆ ಅರ್ಧ ಪೈಸೆ. ನಲವತ್ತು ಸಾಲಿನ ಬಿಲ್ಲಾದರೆ ಎಲ್ಲವೂ ಒಂದೇ ದಿಕ್ಕಿಗೆ ಬಿದ್ದರೂ ಇಪ್ಪತ್ತು ಪೈಸೆ, ಒಟ್ಟು ಮೊತ್ತವನ್ನು ಸರಿಮಾಡಿದ್ದಕ್ಕೆ ಇನ್ನರ್ಧ ಪೈಸೆ. ವಾಸ್ತವದಲ್ಲಿ ಕೆಲವು ಮೇಲಕ್ಕೆ, ಕೆಲವು ಕೆಳಕ್ಕೆ ಹೋಗಿ ಪರಸ್ಪರ ವಜಾ ಆಗುವುದರಿಂದ ಎರಡು-ಮೂರು ಪೈಸೆಯಲ್ಲೇ ಮುಗಿಯುವುದು ಹೆಚ್ಚು. ನಾಲ್ಕು ಸಾಲಿನ ಬಿಲ್ಲಿನಲ್ಲಿ ಸಿಜಿಎಸ್‌ಟಿಯೊಂದರಲ್ಲೇ ಮೂವತ್ತು ಪೈಸೆ ವ್ಯತ್ಯಾಸ ಕಂಡರೆ, ಅದನ್ನು ‘ರೌಂಡಿಂಗ್ ಇರಬೇಕು’ ಎಂದು ತಳ್ಳಿಹಾಕಬಾರದು. ಅದಕ್ಕೆ ಬೇರೆ ಕಾರಣ ಇದೆ.

ಆ ಬೇರೆ ಕಾರಣ ಬಹಳ ಸಲ ಬಿಡಿ ಬೆಲೆಯಲ್ಲಿ ಸಿಗುತ್ತದೆ. ತೆರಿಗೆ ಸೇರಿ ನೂರು ರೂಪಾಯಿಯ ಒಂದು ಸ್ವಿಚ್ಚಿನ ಮೂಲಬೆಲೆ ಎಷ್ಟು? 100ನ್ನು 1.18ರಿಂದ ಭಾಗಿಸಬೇಕು. 84.745762… ಎಂದು ಮುಗಿಯದೆ ಹೋಗುತ್ತದೆ. ಸಾಫ್ಟ್‌ವೇರ್ ಅದನ್ನು 84.75 ಎಂದು ಬರೆದಿಟ್ಟುಕೊಂಡಿತು ಎನ್ನಿ. ಹನ್ನೆರಡು ಡಜನ್, ಅಂದರೆ 144 ಸ್ವಿಚ್ಚು ಮಾರಿದಾಗ ಮೂಲಬೆಲೆ 12,204.00 ಆಯಿತು. ಇನ್ನೊಂದು ಸಾಫ್ಟ್‌ವೇರ್ ಮೊದಲು 144ರಿಂದ ಗುಣಿಸಿ 14,400 ಮಾಡಿಕೊಂಡು, ಆಮೇಲೆ ಭಾಗಿಸಿ, ಕೊನೆಗೆ ಪೈಸೆಗೆ ಸರಿಮಾಡಿತು: 12,203.39. ವ್ಯತ್ಯಾಸ 61 ಪೈಸೆ, ಅದೂ ಒಂದೇ ಸಾಲಿನಲ್ಲಿ. ಅರ್ಧ ಪೈಸೆಗಿಂತ ಕಡಿಮೆಯಿದ್ದ ಏರುಪೇರು 144 ಪಟ್ಟು ದೊಡ್ಡದಾಯಿತು. ಸಾಲುಗಳನ್ನು ಕೂಡುವಾಗ ಏರುಪೇರುಗಳು ಒಂದನ್ನೊಂದು ಹೊಡೆದುಹಾಕುವ ಸಾಧ್ಯತೆಯಾದರೂ ಇದೆ. ಗುಣಿಸುವಾಗ ಆ ಭಾಗ್ಯವೂ ಇಲ್ಲ.

ಇಲ್ಲೇ ಇನ್ನೊಂದು ತಮಾಷೆ. ಮೂಲಬೆಲೆ 12,203.39 ಎಂದೇ ಹಿಡಿಯಿರಿ. ಶೇ. 9 ತೆರಿಗೆ 1,098.3051, ಅಂದರೆ 1,098.31. ಎರಡು ಪಾಲು ಸೇರಿಸಿದರೆ ಬಿಲ್ಲು 14,400.01. ಒಂದು ಪೈಸೆ ಹೆಚ್ಚಾಯಿತಲ್ಲ ಎಂದು ಮೂಲಬೆಲೆಯನ್ನು 12,203.38ಕ್ಕೆ ಇಳಿಸಿದರೆ ತೆರಿಗೆ 1,098.30ಕ್ಕೆ ಇಳಿದು ಬಿಲ್ಲು 14,399.98 ಆಗುತ್ತದೆ. ನಡುವಿನ 14,400.00ಕ್ಕೆ ಮುಟ್ಟುವ ದಾರಿಯೇ ಇಲ್ಲ! ಎಷ್ಟೇ ಜಾಣ ಪ್ರೋಗ್ರಾಮರ್ ಬಂದರೂ ಪೈಸೆಯಲ್ಲಿ ಈ ಬಿಲ್ಲು ನೇರವಾಗಿ ಹೊಂದುವುದಿಲ್ಲ. ಆ ಒಂದು ಪೈಸೆಯನ್ನು ರೌಂಡ್ ಆಫ್ ಖಾತೆಗೆ ಹಾಕಲೇಬೇಕು. ಅದಕ್ಕೇ ಆ ಖಾತೆ ಇರುವುದು.

ಮೂರನೆಯ ಬಗೆಯ ಜಗಳ ಸರಿಯಾಗಿ ಅರ್ಧದಲ್ಲಿ ನಿಂತ ಪೈಸೆಯದು. ಶೇ. 5 ತೆರಿಗೆಯ ಸಾಮಾನು, ಮೂಲಬೆಲೆ ರೂ. 107. ಸಿಜಿಎಸ್‌ಟಿ ಶೇ. 2.5 ಎಂದರೆ 2.675. ಶಾಲೆಯಲ್ಲಿ ಕಲಿತಂತೆ ಅರ್ಧವನ್ನು ಮೇಲಕ್ಕೆ ಏರಿಸಿದರೆ 2.68. ಎಕ್ಸೆಲ್‌ನ ROUND ಕೂಡ ಅದನ್ನೇ ಹೇಳುತ್ತದೆ. ಪೈಥಾನ್ ಭಾಷೆಯಲ್ಲಿ ಬರೆದ ಪ್ರೋಗ್ರಾಮ್ ಏನು ಹೇಳುತ್ತದೆ ಎಂಬುದು ನೀವು ಶೇಕಡಾವಾರನ್ನು ಹೇಗೆ ಬರೆದಿರಿ ಎಂಬುದರ ಮೇಲೆ ನಿಂತಿದೆ:

```
round(107 * 2.5 / 100, 2)   # 2.67
round(107 * 0.025, 2)       # 2.68
```

ಕಂಪ್ಯೂಟರ್ ದಶಮಾಂಶಗಳನ್ನು ಸಾಮಾನ್ಯವಾಗಿ ಎರಡರ ಘಾತಗಳಲ್ಲಿ ಇಟ್ಟುಕೊಳ್ಳುತ್ತದೆ. ಆ ರೂಪದಲ್ಲಿ 2.675 ಎಂಬ ಸಂಖ್ಯೆ ಕರಾರುವಾಕ್ಕಾಗಿ ಇಲ್ಲ. ಅದರ ಅಕ್ಕಪಕ್ಕದ ಎರಡು ಸಂಖ್ಯೆಗಳಿವೆ, ಒಂದು ಕೂದಲೆಳೆಯಷ್ಟು ಕಡಿಮೆ, ಇನ್ನೊಂದು ಕೂದಲೆಳೆಯಷ್ಟು ಹೆಚ್ಚು. ಮೊದಲ ಸಾಲಿನ ಲೆಕ್ಕ ಕಡಿಮೆಯದರ ಮೇಲೆ ಬೀಳುತ್ತದೆ, ಎರಡನೆಯದು ಹೆಚ್ಚಿನದರ ಮೇಲೆ. ಇದು ಸಾಲದೆಂಬಂತೆ ಸರಿಯರ್ಧ ಬಂದಾಗ ಹತ್ತಿರದ ಸಮಸಂಖ್ಯೆಗೆ ಹೋಗುವ ‘ಬ್ಯಾಂಕರ್ಸ್ ರೌಂಡಿಂಗ್’ ಎಂಬ ರೂಢಿಯನ್ನು ಕೆಲವು ಭಾಷೆಗಳು ತಾವಾಗಿಯೇ ಪಾಲಿಸುತ್ತವೆ. 0.125ನ್ನು ಪೈಥಾನ್ 0.12 ಮಾಡುತ್ತದೆ, ಎಕ್ಸೆಲ್ 0.13 ಮಾಡುತ್ತದೆ. ಹಣದ ಲೆಕ್ಕದ ಕಸುಬು ಬಲ್ಲವರು ಇದಕ್ಕೇ ರೂಪಾಯಿಯ ದಶಮಾಂಶವನ್ನು ಬಿಟ್ಟು ಪೈಸೆಯ ಪೂರ್ಣಾಂಕದಲ್ಲೇ ಲೆಕ್ಕ ಮಾಡುತ್ತಾರೆ, ಇಲ್ಲವೇ ದಶಮಾನ ಪದ್ಧತಿಯನ್ನೇ ಪಾಲಿಸುವ Decimal ಬಳಸಿ, ಅರ್ಧವನ್ನು ಏನು ಮಾಡಬೇಕೆಂದು ಬಾಯಿಬಿಟ್ಟು ಹೇಳುತ್ತಾರೆ.

ಇಷ್ಟೆಲ್ಲ ಗೊತ್ತಾದ ಮೇಲೆ ಎಲ್ಲಿ ಸರಿಮಾಡಬೇಕು? ಕೇಂದ್ರ ಜಿಎಸ್‌ಟಿ ಕಾಯ್ದೆಯ 170ನೇ ಕಲಮು ಕಟ್ಟಬೇಕಾದ ತೆರಿಗೆಯನ್ನು ಹತ್ತಿರದ ರೂಪಾಯಿಗೆ ಸರಿಮಾಡಲು ಹೇಳುತ್ತದೆ: ಐವತ್ತು ಪೈಸೆ ಅಥವಾ ಮೇಲಿದ್ದರೆ ಒಂದು ರೂಪಾಯಿ, ಕಡಿಮೆಯಿದ್ದರೆ ಬಿಡು. ಬಿಲ್ಲಿನ ಸಾಲು ಸಾಲಿನ ಪೈಸೆಯ ವಿಚಾರವನ್ನು ಅದು ಎತ್ತುವುದಿಲ್ಲ. ಆದರೆ ಇ-ಇನ್‌ವಾಯ್ಸ್‌ನ ನಮೂನೆ ಪರೋಕ್ಷವಾಗಿ ಉತ್ತರ ಕೊಟ್ಟಿದೆ. 2023ರ ಆಗಸ್ಟ್ 1ರಿಂದ ಐದು ಕೋಟಿ ರೂಪಾಯಿ ವಹಿವಾಟು ಮೀರಿದ ವ್ಯಾಪಾರಿಗಳು ಇತರ ವ್ಯಾಪಾರಿಗಳಿಗೆ ಕೊಡುವ ಬಿಲ್ಲನ್ನು ಸರ್ಕಾರದ ಪೋರ್ಟಲಿನಲ್ಲಿ ನೋಂದಾಯಿಸಬೇಕು. ಅಲ್ಲಿ ಪ್ರತಿ ಸಾಮಾನಿನ ಮುಂದೆಯೂ ಅದರ ತೆರಿಗೆಯನ್ನು ಎರಡು ದಶಮಾಂಶದಲ್ಲಿ ಬರೆಯಬೇಕು. ಬರೆದ ಸಂಖ್ಯೆ ದಾಖಲೆಯಾಯಿತು. ಕಾಗದದ ಮೇಲೆ ನಾಲ್ಕು ಸಂಖ್ಯೆ ಬರೆದು, ಅವುಗಳ ಕೂಡಿಕೆಗಿಂತ ಎರಡು ಪೈಸೆ ಹೆಚ್ಚಿನ ಮೊತ್ತವನ್ನು ಕೆಳಗೆ ಬರೆದರೆ ಓದುವವನು ಕೇಳಿಯೇ ಕೇಳುತ್ತಾನೆ. ಆದ್ದರಿಂದ ನನ್ನ ಪಕ್ಷಪಾತ ಸಾಲಿನ ಪದ್ಧತಿಯ ಕಡೆಗೆ. ಬಿಡಿ ಬೆಲೆಯನ್ನು ಆದಷ್ಟೂ ದಶಮಾಂಶ ಉಳಿಸಿಕೊಂಡು ಇಡಬೇಕು. ಗುಣಿಸಿ, ರಿಯಾಯಿತಿ ಕಳೆದು ಬಂದ ಸಾಲಿನ ಮೂಲಬೆಲೆಯನ್ನು ಒಮ್ಮೆ ಪೈಸೆಗೆ ಸರಿಮಾಡಬೇಕು. ಅದರ ಮೇಲೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿಯನ್ನು ಬೇರೆ ಬೇರೆಯಾಗಿ ಹಾಕಿ ಅವನ್ನೂ ಒಮ್ಮೆ ಸರಿಮಾಡಬೇಕು. ಅಲ್ಲಿಂದಾಚೆ ಬರೀ ಕೂಡಿಕೆ, ಕೊನೆಯ ರೂಪಾಯಿಯ ರೌಂಡ್ ಆಫ್ ಒಂದನ್ನು ಬಿಟ್ಟು.

ಸಾಲಿನ ಪದ್ಧತಿಗೆ ಇನ್ನೊಂದು ಕಾರಣ ಸರಕು ವಾಪಸಾದಾಗ ಕಾಣುತ್ತದೆ. ಮೊದಲು ನೋಡಿದ ನಾಲ್ಕು ಸಾಮಾನನ್ನು ಗಿರಾಕಿ ಒಂದೊಂದಾಗಿ ಬೇರೆ ಬೇರೆ ದಿನ ಹಿಂದಿರುಗಿಸಿದ ಎನ್ನಿ. ಒಂದೊಂದಕ್ಕೂ ಕ್ರೆಡಿಟ್ ನೋಟ್ ಬರೆಯುವಾಗ ತೆರಿಗೆ 11.48, 7.75, 21.89, 5.89 ಎಂದೇ ಬರುತ್ತದೆ. ಮಾರಿದ ದಿನ 47.03 ಎಂದು ಬರೆದಿದ್ದರೆ ಎಲ್ಲ ಸರಕೂ ವಾಪಸು ಬಂದ ಮೇಲೂ ಎರಡು ಪೈಸೆ ಲೆಡ್ಜರಿನಲ್ಲಿ ಅನಾಥವಾಗಿ ಉಳಿಯುತ್ತದೆ.

ಪದ್ಧತಿ ಯಾವುದೇ ಇರಲಿ, ಅದಕ್ಕಿಂತ ಮುಖ್ಯವಾದ ನಿರ್ಧಾರ ಲೆಕ್ಕ ಮಾಡುವವರು ಯಾರು ಎಂಬುದು. ತೆರಿಗೆಯನ್ನು ಒಂದು ವ್ಯವಸ್ಥೆ ಲೆಕ್ಕ ಹಾಕಬೇಕು, ಇನ್ನೊಂದು ಆ ಸಂಖ್ಯೆಯನ್ನು ಹಾಗೇ ತೆಗೆದುಕೊಳ್ಳಬೇಕು. ಹುಬ್ಬಳ್ಳಿಯ ಅಂಗಡಿಯಲ್ಲಿ ಆದದ್ದೂ ಇದೇ. ಕೌಂಟರಿನಿಂದ ಬೆಲೆ ಮತ್ತು ದರ ಮಾತ್ರ ಒಳಗೆ ಹೋಗುತ್ತಿತ್ತು, ತೆರಿಗೆಯ ಮೊತ್ತ ಹೋಗುತ್ತಿರಲಿಲ್ಲ. ಒಳಗಿನ ಸಾಫ್ಟ್‌ವೇರ್ ತನ್ನ ಬುದ್ಧಿಯಂತೆ ಮತ್ತೆ ಲೆಕ್ಕ ಹಾಕುತ್ತಿತ್ತು. ಗಿರಾಕಿಯ ಕೈಯಲ್ಲಿರುವ ಬಿಲ್ಲಿನ ಸಂಖ್ಯೆಯೇ ನಿಜವಾದದ್ದು, ಅದನ್ನು ಮತ್ತೊಮ್ಮೆ ಹುಟ್ಟಿಸುವ ಹಕ್ಕು ಬೇರೆ ಯಾವುದಕ್ಕೂ ಇರಬಾರದು.

ಕೆಲವರು ಈ ತೊಂದರೆಯೇ ಬೇಡವೆಂದು ಒಂದು ರೂಪಾಯಿಯೊಳಗಿನ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯದಂತೆ ಮಾಡಿಬಿಡುತ್ತಾರೆ. ಇ-ಇನ್‌ವಾಯ್ಸ್ ಪೋರ್ಟಲ್ ಕೂಡ ಒಂದು ರೂಪಾಯಿ ಆಚೀಚೆಯಾದರೆ ಒಪ್ಪಿಕೊಳ್ಳುತ್ತದೆ. ಆದರೆ ಪೋರ್ಟಲಿನದು ಸಾವಿರಾರು ಬಗೆಯ ಸಾಫ್ಟ್‌ವೇರುಗಳ ಜೊತೆ ಏಗುವ ಅನಿವಾರ್ಯತೆ. ನಮ್ಮದೇ ಎರಡು ಸಾಫ್ಟ್‌ವೇರುಗಳ ನಡುವೆ ಅಷ್ಟು ಸಡಿಲ ಬಿಟ್ಟರೆ ಬಿಡಿ ಬೆಲೆಯ 61 ಪೈಸೆಯ ದೋಷವೂ ಅದರ ಕೆಳಗೆ ಅಡಗಿ ಕೂರುತ್ತದೆ. ಒಂದೇ ದಿಕ್ಕಿಗೆ ಜಾರುವ ಸಣ್ಣ ದೋಷ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಕೆನಡಾದ ವ್ಯಾಂಕೂವರ್ ಷೇರುಪೇಟೆ ಸಾಕ್ಷಿ. 1982ರ ಜನವರಿಯಲ್ಲಿ 1000ದಿಂದ ಶುರುವಾದ ಅದರ ಸೂಚ್ಯಂಕವನ್ನು ದಿನವೂ ಸಾವಿರಾರು ಸಲ ಪರಿಷ್ಕರಿಸುವಾಗ ಮೂರನೆಯ ದಶಮಾಂಶದ ಆಚೆಗಿನದನ್ನು ಸರಿಮಾಡದೆ ಕತ್ತರಿಸಿ ಎಸೆಯಲಾಗುತ್ತಿತ್ತು. 1983ರ ನವೆಂಬರ್ ಹೊತ್ತಿಗೆ ಸೂಚ್ಯಂಕ 524ಕ್ಕೆ ಇಳಿದಿತ್ತು. ಸರಿಯಾಗಿ ಲೆಕ್ಕ ಹಾಕಿದಾಗ ಅದು 1098 ಇರಬೇಕಿತ್ತು.

ನಿಮ್ಮ ಅಂಗಡಿಯಲ್ಲೂ ಪೈಸೆ ಹೊಂದುತ್ತಿಲ್ಲವಾದರೆ ವ್ಯತ್ಯಾಸದ ಬಿಲ್ಲುಗಳನ್ನು ಒಂದು ಹಾಳೆಯಲ್ಲಿ ಪಟ್ಟಿಮಾಡಿ ನೋಡಿ. ಸಾಲು ಹೆಚ್ಚಿದಂತೆ ವ್ಯತ್ಯಾಸ ಹೆಚ್ಚಿದರೆ ಅದು ಸಾಲು ಮತ್ತು ಒಟ್ಟು ಮೊತ್ತದ ಜಗಳ. ನಗ ಹೆಚ್ಚಿದಂತೆ ಹೆಚ್ಚಿದರೆ ಬಿಡಿ ಬೆಲೆಯನ್ನು ಬೇಗ ಸರಿಮಾಡಲಾಗಿದೆ. ಒಂದೇ ಸಾಲಿನ ಬಿಲ್ಲಿನಲ್ಲೂ ಒಂದು ಪೈಸೆ ತಪ್ಪುತ್ತಿದ್ದರೆ ಆ ತೆರಿಗೆ ಅರ್ಧ ಪೈಸೆಯಲ್ಲಿ ನಿಲ್ಲುತ್ತಿದೆಯೇ ಎಂದು ಮೊದಲು ಪರೀಕ್ಷಿಸಿ. ಆ ಹಾಳೆ ಹಿಡಿದುಕೊಂಡು ಹೋಗಿ ಸಾಫ್ಟ್‌ವೇರ್ ಮಾರಿದವರನ್ನು ಕೇಳಿ. ‘ರೌಂಡಿಂಗ್ ಸಾರ್, ಏನೂ ಆಗಲ್ಲ’ ಎಂಬ ಉತ್ತರಕ್ಕೆ ಒಪ್ಪಬೇಡಿ, ಯಾವ ಹಂತದ ರೌಂಡಿಂಗ್ ಎಂದು ಬರೆದುಕೊಡಲು ಹೇಳಿ.