ಬಾಯಿಮಾತಿನ ವಾಟ್ನಿ ಮತ್ತು ಅದರ ಯಾದಿ

ಬ್ಯಾಡಗಿಯ ಸುತ್ತಲಿನ ಗ್ರಾಮಗಳಲ್ಲಿ ಅಣ್ಣತಮ್ಮಂದಿರು ಹಿರಿಯರ ಸಮಕ್ಷಮ ಹೊಲಮನೆಗಳನ್ನು ಹಂಚಿಕೊಂಡು, ತರುವಾಯ ಅದನ್ನು ಕಾಗದದ ಮೇಲೆ ಬರೆಯಿಸಿಡುವ ರೂಢಿಯುಂಟು. ಅಂಥ ಕಾಗದವನ್ನು ನೋಂದಣಿ ಮಾಡಿಸಲೇಬೇಕೋ ಎಂಬ ಪ್ರಶ್ನೆಯು ಸಾಮಾನ್ಯವಾಗಿ ವ್ಯಾಜ್ಯವು ಹುಟ್ಟಿದ ಮೇಲೆಯೇ ಏಳುತ್ತದೆ. ಆಗ ಕಾಗದವನ್ನು ತಿದ್ದುವ ಕಾಲವು ಮೀರಿರುತ್ತದೆ.

1908ನೆಯ ನೋಂದಣಿ ಕಾಯಿದೆಯ 17ನೆಯ ಕಲಮಿನ ಪ್ರಕಾರ, 100 ರೂಪಾಯಿ ಅಥವಾ ಹೆಚ್ಚು ಬೆಲೆಯ ಸ್ಥಿರಾಸ್ತಿಯಲ್ಲಿ ಹಕ್ಕನ್ನು ಹುಟ್ಟಿಸುವ ಅಥವಾ ಕಳೆಯುವ ದಸ್ತೈವಜು ನೋಂದಣಿಯಾಗತಕ್ಕದ್ದು. ಬಾಯಿಮಾತಿನ ಕೌಟುಂಬಿಕ ಒಪ್ಪಂದಕ್ಕೆ ದಸ್ತೈವಜೇ ಇಲ್ಲವಾದ್ದರಿಂದ ನೋಂದಣಿಯ ಮಾತಿಲ್ಲ. ಮೊದಲೇ ಮುಗಿದ ಒಪ್ಪಂದವನ್ನು ನೆನಪಿಗಾಗಿ, ಇಲ್ಲವೆ ದಾಖಲೆ ತಿದ್ದಿಸುವ ಸಲುವಾಗಿ ಬರೆದ ಯಾದಿಗೂ ಅದು ಬೇಕಿಲ್ಲವೆಂದು ಸುಪ್ರೀಂ ಕೋರ್ಟು 1976ರಲ್ಲಿ ಕಾಲೆ ಎಂಬವರ ಮೊಕದ್ದಮೆಯಲ್ಲಿ ನಿರ್ಣಯಿಸಿತು. ಒಪ್ಪಂದದ ಷರತ್ತುಗಳೇ ಕಾಗದದಿಂದ ಜಾರಿಗೆ ಬರುವಂತಿದ್ದರೆ ಮಾತ್ರ ನೋಂದಣಿಯು ಕಡ್ಡಾಯ.

ದೃಷ್ಟಾಂತವಾಗಿ, ಒಂದು ಮನೆತನಕ್ಕೆ 12 ಎಕರೆ ಮೆಣಸಿನಕಾಯಿಯ ಹೊಲವಿದೆಯೆಂದು ತಿಳಿಯೋಣ. ಮೂವರು ಅಣ್ಣತಮ್ಮಂದಿರು ಯುಗಾದಿಯಂದು ಪಂಚರೆದುರು ತಲಾ 4 ಎಕರೆ ಹಂಚಿಕೊಂಡು, ಬದುಗಳನ್ನು ಗೊತ್ತುಮಾಡಿ, ಮುಂಗಾರಿನಲ್ಲಿ ಬೇರೆಬೇರೆಯಾಗಿ ಬಿತ್ತಿದರು. ದೀಪಾವಳಿಗೆ ಯಾದಿ ಬರೆಯಿಸಿದರು. ಅದರಲ್ಲಿ, “ಕಳೆದ ಯುಗಾದಿಯಂದು ಹಂಚಿಕೊಂಡು, ಅಂದಿನಿಂದ ಅವರವರ ಕಬಜೆಯಲ್ಲಿ ಸಾಗುವಳಿ ಮಾಡುತ್ತಿರುವೆವು” ಎಂದಿದ್ದರೆ ಅದು ಬರೀ ನೆನಪಿನ ಯಾದಿ. “ಈ ಪತ್ರದ ಮೂಲಕ ಇಂದಿನಿಂದ ಮೂಡಣ ಭಾಗವು ಹಿರಿಯವನದು” ಎಂದಿದ್ದರೆ ಅದೇ ವಾಟ್ನಿಪತ್ರವಾಗುವದು. ಬರೆದುಕೊಟ್ಟ ದಿನದಿಂದ 4 ತಿಂಗಳೊಳಗೆ ಅದನ್ನು ಉಪನೋಂದಣಾಧಿಕಾರಿಗಳ ಮುಂದೆ ಹಾಜರುಪಡಿಸತಕ್ಕದ್ದು.

ಆದರೆ ಭೂತಕಾಲದ ಕ್ರಿಯಾಪದವೊಂದರಿಂದಲೇ ರಕ್ಷಣೆ ದೊರೆಯದು. ಇಂದೇ ಹಂಚಿ, ಇಂದೇ ಬರೆದು, “ಹಿಂದೆಯೇ ಹಂಚಿಕೊಂಡೆವು” ಎಂದರೆ ನ್ಯಾಯಾಲಯವು ಒಳಗಿನ ನಿಜವನ್ನು ಶೋಧಿಸುತ್ತದೆ. ಬೇರೆ ಸಾಗುವಳಿ, ಪ್ರತ್ಯೇಕವಾದ ಕಂದಾಯದ ಪಾವತಿ, ಮಾರುಕಟ್ಟೆಯ ಪಟ್ಟಿಗಳಲ್ಲಿ ಅವರವರ ಹೆಸರು, ಇವು ಯಾದಿಯ ತಾರೀಖಿಗಿಂತ ಹಿಂದಿನವಾಗಿದ್ದರೆ ಹೇಳಿಕೆಗೆ ಬಲ ಬರುವದು. ನೋಂದಣಿಯಾಗದ ವಾಟ್ನಿಪತ್ರದಿಂದ ಹಕ್ಕನ್ನು ಸಾಧಿಸಲಾಗದು. ಕಬಜೆಯ ಸ್ವರೂಪದಂಥ ಆನುಷಂಗಿಕ ಸಂಗತಿಗೆ ಮಾತ್ರ ಅದನ್ನು ನೋಡಬಹುದು. ತಕ್ಕ ಮುದ್ರಾಂಕ ಶುಲ್ಕವೂ ಇಲ್ಲದಿದ್ದರೆ, ಶುಲ್ಕ ಮತ್ತು ದಂಡ ತೆರುವವರೆಗೆ ಅಷ್ಟಕ್ಕೂ ಬಾರದು.

ಹೆಣ್ಣುಮಕ್ಕಳನ್ನು ಬಿಟ್ಟು ಮಾಡಿದ ಹಂಚಿಕೆಯಲ್ಲಿ ತೊಡಕು ಇನ್ನೂ ಹೆಚ್ಚು. 2005ರ ತಿದ್ದುಪಡಿಯು ಅವಿಭಕ್ತ ಹಿಂದೂ ಕುಟುಂಬದ ಮಗಳಿಗೆ ಮಗನಷ್ಟೇ ಹಕ್ಕನ್ನು ಕೊಟ್ಟಿದೆ. ಆಕೆಯ ಹಕ್ಕಿಗೆ ಎದುರಾಗಿ ಬಾಯಿಮಾತಿನ ವಾಟ್ನಿಯನ್ನು ಹೇಳಿದರೆ, ಸರಕಾರಿ ದಾಖಲೆಗಳ ಬೆಂಬಲವಿರುವ ಅಪರೂಪದ ಪ್ರಸಂಗದಲ್ಲಿ ಮಾತ್ರ ಅದನ್ನು ಒಪ್ಪಬಹುದೆಂದು 2020ರಲ್ಲಿ ಸುಪ್ರೀಂ ಕೋರ್ಟು ವಿಧಿಸಿದೆ. ಆದಕಾರಣ ಮೇಲಿನ ಮನೆತನದಲ್ಲಿ ತಂಗಿಯೊಬ್ಬಳಿದ್ದರೆ ನೋಂದಾಯಿತ ಪತ್ರವೇ ಲೇಸು. ಅದರಲ್ಲಿ ಆಕೆಯೂ ಪಕ್ಷಕಾರಳಾಗಿರಬೇಕು. ಪಂಚರ ಸಾಲಿನಲ್ಲಿ ಆಕೆಯ ಗಂಡನ ಸಹಿ ಹಾಕಿಸಿದರೆ ಸಾಲದು.

ನೋಂದಣಿಯಾಗದ ಹಂಚಿಕೆಯಿದ್ದಲ್ಲಿ, ಪಹಣಿಯಲ್ಲಿ ಹೆಸರು ಬದಲಾಯಿಸಲು ವರ್ದಿಯನ್ನು ಪ್ರತ್ಯೇಕವಾಗಿಯೇ ಕೊಡತಕ್ಕದ್ದು. ಆ ನಮೂದು ಕಂದಾಯದ ಸಲುವಾಗಿ ಇರುವಂಥದು; ಕಾಗದದಲ್ಲಿ ಇಲ್ಲದ ಹಕ್ಕನ್ನು ಅದು ತಂದುಕೊಡಲಾರದು.